ಇಮೇಲ್ ಚೇಂಜ್ ಆಗೋಕೆ 30 ದಿನ ಯಾಕೆ?

"ಗೇಮ್ ಅಕೌಂಟಲ್ಲಿ ಇಮೇಲ್ ಚೇಂಜ್ ಪೆಂಡಿಂಗ್ ಅಂತ ಬಂದ್ರೆ ಹ್ಯಾಕ್ ಆಗಿದೆ ಅಂತ ಒಂದು ಫಾರ್ವರ್ಡ್ ಬಂದಿದೆ, ನಮಗೆ ಬರೋ ಕೋಡನ್ನ ಅವರಿಗೆ ಕಳಿಸಿದ್ರೆ ಒಂದೇ ದಿನದಲ್ಲಿ ಬಿಡಿಸಿಕೊಡ್ತಾರಂತೆ, ನಿಜಾನಾ?"

ನಿಜ ಅಲ್ಲ. ಪೆಂಡಿಂಗ್ ಅಂದ ಮಾತ್ರಕ್ಕೆ ಹ್ಯಾಕ್ ಆಗಿದೆ ಅಂತಲ್ಲ, ಮತ್ತೆ ಆ ಕಾಯೋ ಟೈಮನ್ನ ಹೊರಗಿನವರು ಯಾರೂ ಕಮ್ಮಿ ಮಾಡೋಕಾಗಲ್ಲ.

ಹಾಸನದಲ್ಲಿ ನಮ್ಮ ಅಕ್ಕನ ಮಗನಿಗೆ ಹಿಂಗೇ ಆಯ್ತು. ಮೈನ್‌ಕ್ರಾಫ್ಟ್ ಆಡೋ ಮೈಕ್ರೋಸಾಫ್ಟ್ ಅಕೌಂಟು, ಅದಕ್ಕೆ ಕೊಟ್ಟಿದ್ದ ನಂಬರಿನ ಸಿಮ್ ಕಳೆದೋಗಿತ್ತು, ಹಳೇ ಇಮೇಲೂ ಓಪನ್ ಆಗ್ತಿರಲಿಲ್ಲ, ಅದಕ್ಕೆ ಎರಡನ್ನೂ ತೆಗೆದು ಹೊಸದು ಹಾಕ್ದ. ಜೂನ್ 3ಕ್ಕೆ ಹಾಕಿದ್ದು ಜುಲೈ 3ರ ತನಕ ಪೆಂಡಿಂಗ್. ಸೆಕ್ಯುರಿಟಿ ಮಾಹಿತಿ, ಅಂದ್ರೆ ಕೋಡ್ ಬರೋ ನಂಬರು, ಇಮೇಲು, ಪೂರ್ತಿ ಬದಲಾಯಿಸಿದ್ರೆ ಅಲ್ಲಿ 30 ದಿನದ ರೂಲ್ಸು, ಯಾಕಂದ್ರೆ ಕಳ್ಳ ಒಳಗೆ ಬಂದ್ರೂ ಮೊದಲು ಮಾಡೋದು ಇದನ್ನೇ. ಹಳೇ ನಂಬರು, ಇಮೇಲಿಗೆ ಸುದ್ದಿ ಹೋಗುತ್ತೆ, ನಿಜವಾದ ಓನರ್ ಅದನ್ನ ನೋಡಿ ಕ್ಯಾನ್ಸಲ್ ಮಾಡ್ಲಿ ಅಂತ ಅಷ್ಟು ದಿನ ಬಿಡ್ತಾರೆ. ಹಳೇದ್ರಲ್ಲಿ ಒಂದಾದ್ರೂ ಕೈಯಲ್ಲಿದ್ರೆ ಅದಕ್ಕೆ ಕೋಡ್ ತರಿಸ್ಕೊಂಡು ಹೊಸದನ್ನ ಸೇರಿಸಿ, ಆಮೇಲೆ ಹಳೇದನ್ನ ತೆಗೀರಿ, ಆಗ ಕಾಯೋದೇ ಬೇಡ. ಅವನು ಸಿಮ್ ಇದ್ದಾಗಲೇ ಇದನ್ನ ಮಾಡಿದ್ರೆ ಆಗೋಗ್ತಿತ್ತು ಪಾಪ.

ಫಾರ್ವರ್ಡ್ ಬಂದಾಗ ಅದರ ಲಿಂಕ್ ಒತ್ತಬೇಡಿ, account.microsoft.com ಅಂತ ನೀವೇ ಟೈಪ್ ಮಾಡಿ ಸೆಕ್ಯುರಿಟಿ ಪೇಜ್ ನೋಡಿ. ಬದಲಾವಣೆ ನೀವೇ ಕೇಳಿದ್ದಾದ್ರೆ ಸುಮ್ನೆ ಕಾಯಿರಿ, ನೀವು ಕೇಳಿದ್ದಲ್ಲ ಅಂದ್ರೆ ಅಲ್ಲೇ ಕ್ಯಾನ್ಸಲ್ ಮಾಡಿ ಪಾಸ್‌ವರ್ಡ್ ಬದಲಾಯಿಸಿ. ಕೋಡ್ ಮಾತ್ರ ಯಾರಿಗೂ ಕೊಡಬೇಡಿ, ಅದು ಸಿಕ್ಕಿದ್ರೆ ಅವರೇ ಒಳಗೆ ಹೋಗ್ತಾರೆ.