ಮೊದಲ ಹೆರಿಗೆಯ ಕಥೆ ಕೇಳಿಸಿಕೊಳ್ಳಿ

"ಎರಡನೇ ಹೆರಿಗೆಗೂ ಇಷ್ಟೊಂದು ಭಯಾನಾ ಅಂತ ಮನೆಯವರು ನಗ್ತಾರೆ."

ಮೊದಲನೆಯದು ಕಷ್ಟವಾಗಿದ್ದರೆ ಎರಡನೆಯದಕ್ಕೇ ಭಯ ಜಾಸ್ತಿ ಆಗಬಹುದು. ನನ್ನ ನಾದಿನಿ ತಪಾಸಣೆಯ ದಿನ ಬಂದರೆ ಏನೋ ನೆಪ ಹೇಳುತ್ತಿದ್ದಳು. ರಾತ್ರಿ ಬೆಚ್ಚಿ ಏಳುತ್ತಿದ್ದಳು. ಐದನೇ ತಿಂಗಳಿಂದಲೇ ಆಪರೇಷನ್ ಮಾಡಿಬಿಡಿ ಅಂತ ಹಟ. ಡಾಕ್ಟರ್ ಬೈಯಲಿಲ್ಲ. ಹಳೇ ಡಿಸ್ಚಾರ್ಜ್ ಸಮರಿ ತರಿಸಿ, ಆವತ್ತು ಏನಾಯ್ತು ಅಂತ ಅವಳ ಬಾಯಿಂದಲೇ ಕೇಳಿದರು. ನೋವಿಗಿಂತ, ಹೇಳದೆ ಕೇಳದೆ ಒಳಪರೀಕ್ಷೆ ಮಾಡಿದ್ದೇ ಅವಳನ್ನು ಕಾಡುತ್ತಿತ್ತು. ಸರಿ, ಫೈಲಿನಲ್ಲೇ ಬರೆದರು: ಮೊದಲು ಒಪ್ಪಿಗೆ ಕೇಳಬೇಕು, ನಿಲ್ಲಿಸಿ ಅಂದರೆ ನಿಲ್ಲಿಸಬೇಕು. ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಬಗ್ಗೆ ಅರಿವಳಿಕೆ ವೈದ್ಯರ ಹತ್ತಿರ ಮೊದಲೇ ಮಾತಾಡಿಸಿದರು. ಹೆರಿಗೆ ಕೋಣೆಯಲ್ಲಿ ಅವಳಮ್ಮ ಜೊತೆಗಿದ್ದರು. 2016ರಿಂದ ಸರ್ಕಾರಿ ಆಸ್ಪತ್ರೆಗಳಲ್ಲೂ ಇದಕ್ಕೆ ಅವಕಾಶವಿದೆ, ಮೊದಲೇ ಕೇಳಿಟ್ಟುಕೊಳ್ಳಿ. ನಿದ್ದೆಯೇ ಬಾರದಷ್ಟು ಭಯವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.