ಲೋಗೋ ಹಾಕಿದರೆ ಭಾವನಿಗೇನು ಬಂತು?

ದಾವಣಗೆರೆಯಲ್ಲಿ ನಮ್ಮ ಭಾವನದ್ದೊಂದು ಬೇಕರಿ ಇದೆ. ಹತ್ತಿರದ ಬಿಬಿಎ ಕಾಲೇಜಿನ ಮಾರ್ಕೆಟಿಂಗ್ ಕ್ಲಬ್ಬಿನವರು ಹೋದ ವರ್ಷ ಅವನಿಗೆ ಕೊಟ್ಟ ಪತ್ರವನ್ನು ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿದ್ದ. ‘ಇವರಿಗೆ’, ‘ಇವರಿಂದ’, ‘ವಿಷಯ: ಪ್ರಾಯೋಜಕತ್ವ ಕೋರಿ ಮನವಿ’, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ’ ಎಂದೆಲ್ಲ ಇತ್ತು. ಸಾಲ ಕೇಳುವವರೂ ಇಷ್ಟು ಬಗ್ಗುವುದಿಲ್ಲ. ಕೊನೆಗೆ ‘ತಮ್ಮ ಸಂಸ್ಥೆಗೆ ಉತ್ತಮ ಪ್ರಚಾರ ದೊರೆಯಲಿದೆ’ ಎಂಬ ಒಂದೇ ಸಾಲು, ಅದರ ಕೆಳಗೆ ಪ್ರಿನ್ಸಿಪಾಲರ ಸೀಲು. ಮೊತ್ತ ಎಷ್ಟೆಂದು ಬರೆದಿರಲಿಲ್ಲ. ಬಾಯಲ್ಲಿ ಹತ್ತು ಸಾವಿರ ಕೇಳಿದ್ದರಂತೆ.

ನಾನಿರುವುದು ಅಮೆರಿಕದ ಓಹಾಯೋದ ಒಂದು ಕಾಲೇಜು ಊರಲ್ಲಿ. ಇಲ್ಲಿ ನನ್ನದೊಂದು ಸಣ್ಣ ಹೋಟೆಲ್ಲು, ದೋಸೆ ಇಡ್ಲಿಯದ್ದು. ಪ್ರತಿ ಸೆಪ್ಟೆಂಬರಿನಲ್ಲಿ ನನಗೂ ಇಂಥ ಪತ್ರ ಬರುತ್ತದೆ, ಈಮೇಲಿನಲ್ಲಿ. ಮೂರನೇ ಸಾಲಿಗೇ ದುಡ್ಡಿನ ಮಾತು: 250, 500, 1000 ಡಾಲರು, ಯಾವುದಕ್ಕೆ ಏನು ಕೊಡುತ್ತೇವೆ, ಯಾವ ತಾರೀಖಿನೊಳಗೆ ಹೇಳಬೇಕು. ಓದಿ ಮುಗಿಸಲು ಒಂದು ನಿಮಿಷ ಸಾಕು. ಆದರೆ ಅದನ್ನು ಬರೆದ ಹುಡುಗ ಒಂದು ಸಲವೂ ಒಳಗೆ ಬಂದು ದೋಸೆ ತಿಂದಿರುವುದಿಲ್ಲ. ಅದೇ ಪತ್ರ ಪಕ್ಕದ ಟೈರ್ ಅಂಗಡಿಗೂ ಹೋಗಿರುತ್ತದೆ, ಹೆಸರು ಬದಲಾಯಿಸಿ. ಒಮ್ಮೆ ಹೆಸರು ಬದಲಾಯಿಸುವುದನ್ನೂ ಮರೆತಿದ್ದರು.

ಹಾಗಾಗಿ ಅಲ್ಲಿಯದು ಕೆಟ್ಟದ್ದು, ಇಲ್ಲಿಯದು ಒಳ್ಳೆಯದು ಎನ್ನಲಾರೆ. ದಾವಣಗೆರೆಯ ಹುಡುಗರು ಮೂರು ಸಲ ಅಂಗಡಿಗೆ ಬಂದರು, ನಿಂತು ಮಾತಾಡಿದರು. ಅಷ್ಟು ಹೊತ್ತು ಗಲ್ಲಾದ ಎದುರು ನಿಂತವರಿಗೆ ಆ ಅಂಗಡಿಯ ವ್ಯಾಪಾರ ಕಾಣಿಸಬೇಕಿತ್ತು. ಕಂಡಿದ್ದು ಪತ್ರಕ್ಕೆ ಇಳಿಯಲಿಲ್ಲ ಎನ್ನುವುದೇ ನನ್ನ ತಕರಾರು.

ಭಾವನ ಲೆಕ್ಕ ನೋಡಿ. ಒಬ್ಬ ಗಿರಾಕಿಯ ಬಿಲ್ಲು ಸರಾಸರಿ 60 ರೂಪಾಯಿ. ಮೈದಾ, ಎಣ್ಣೆ, ಕರೆಂಟು, ಹುಡುಗರ ಸಂಬಳ ಕಳೆದು ಅವನ ಕೈಗೆ ಉಳಿಯುವುದು 20. ಹತ್ತು ಸಾವಿರ ಹುಟ್ಟಬೇಕಾದರೆ ಹೊಸದಾಗಿ 500 ಬಿಲ್ಲು ಆಗಬೇಕು. ಕಾರ್ಯಕ್ರಮಕ್ಕೆ ಬರುವವರು 180 ಜನ. ಒಬ್ಬೊಬ್ಬರೂ ಸುಮಾರು ಮೂರು ಸಲ ಬರಬೇಕು, ಅದೂ ಮೊದಲೇ ಬರುತ್ತಿದ್ದವರನ್ನು ಬಿಟ್ಟು. ಬ್ಯಾನರಿನ ಮೂಲೆಯಲ್ಲಿ ಹುಣಸೆ ಎಲೆಯಷ್ಟು ಲೋಗೋ ಹಾಕಿದರೆ ಇದು ಆಗುವ ಮಾತಲ್ಲ. ‘ಪ್ರಚಾರ’ ಅಂದ ತಕ್ಷಣ ಅಂಗಡಿಯವನು ನಕ್ಕು ಐನೂರರ ನೋಟು ಕೊಟ್ಟು ಕಳಿಸುವುದು ಇದಕ್ಕೇ. ಅದು ಪ್ರಾಯೋಜಕತ್ವವಲ್ಲ, ಗಣಪತಿ ಚಂದಾ.

ಫೋನಿನಲ್ಲಿ ಆ ಹುಡುಗರಿಗೆ ಇದನ್ನೇ ಹೇಳಿದೆ. “ಹಂಗಾದ್ರೆ ಏನ್ ಕೇಳೋದು ಅಂಕಲ್?” ಅಂದ ಒಬ್ಬ. “ಅವನ ಹತ್ರ ಅಗ್ಗಕ್ಕೆ ಇರೋದನ್ನ ಕೇಳ್ರಪ್ಪಾ” ಅಂದೆ. ಒಂದು ವೆಜ್ ಪಫ್, ಒಂದು ತುಂಡು ದಿಲ್‌ಪಸಂದ್, ಎರಡೂ ಸೇರಿ ಮಾರುವ ಬೆಲೆ 40. ಭಾವನಿಗೆ ತಗಲುವುದು 22. 180 ಪೊಟ್ಟಣಕ್ಕೆ 3,960 ರೂಪಾಯಿ. ಕ್ಲಬ್ಬಿಗೆ 7,200 ರೂಪಾಯಿಯ ತಿಂಡಿ ಬಂತು, ಅವನಿಗೆ ನಾಲ್ಕು ಸಾವಿರದೊಳಗೆ ಮುಗಿಯಿತು. ಜೇಬಿನಿಂದ ನೋಟು ಎಣಿಸಿಕೊಡುವುದಕ್ಕಿಂತ ಒಲೆಯ ಮೇಲಿನದ್ದನ್ನು ಕೊಡುವುದು ಯಾವ ಅಂಗಡಿಯವನಿಗೂ ಹಗುರ. ಇನ್ನೊಂದು ಸಣ್ಣ ಸಂಗತಿ: ಒಬ್ಬರಿಗೆ ಒಂದೇ ದಿನ ಹತ್ತು ಸಾವಿರ ದಾಟಿ ನಗದು ಕೊಟ್ಟರೆ ಅದನ್ನು ವ್ಯಾಪಾರದ ಖರ್ಚೆಂದು ಆದಾಯ ತೆರಿಗೆಯಲ್ಲಿ ತೋರಿಸಲು ಬರುವುದಿಲ್ಲ. ದೊಡ್ಡ ಅಂಗಡಿಗೆ ಬರೆಯುವಾಗ ಕಾಲೇಜಿನ ಖಾತೆಯ ಹೆಸರು, ರಸೀದಿ ಕೊಡುವ ಮಾತು ಪತ್ರದಲ್ಲಿರಲಿ.

ಲಾಭದ ಭಾಗಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಕೊನೆಗೆ ಅವರು ಬರೆದಿದ್ದು ಹೀಗಿತ್ತು:

“ಫೆಬ್ರವರಿಯ ನಮ್ಮ ಜಾಹೀರಾತು ಸ್ಪರ್ಧೆಗೆ 180 ವಿದ್ಯಾರ್ಥಿಗಳು ಬರುತ್ತಾರೆ. ಸುಮಾರು 70 ಜನ ನಿಮ್ಮ ಹಿಂದಿನ ಬೀದಿಯ ಹಾಸ್ಟೆಲಿನವರು. ನಿಮ್ಮಿಂದ 180 ತಿಂಡಿ ಪೊಟ್ಟಣ ಕೇಳುತ್ತಿದ್ದೇವೆ. ಪ್ರತಿ ಪೊಟ್ಟಣದ ಮೇಲೆ ನಿಮ್ಮ ಅಂಗಡಿಯ ಹತ್ತು ರೂಪಾಯಿ ಕೂಪನ್ ಅಂಟಿಸುತ್ತೇವೆ. ಬೇರೆ ಯಾವ ಬೇಕರಿಯನ್ನೂ ಸೇರಿಸಿಕೊಳ್ಳುವುದಿಲ್ಲ. ಸ್ಪರ್ಧೆಯ ವಿಷಯ ನಿಮ್ಮ ಅಂಗಡಿಯೇ: ತಂಡಗಳು ನಿಮಗಾಗಿ ಜಾಹೀರಾತು ಮಾಡುತ್ತವೆ, ಗೆದ್ದದ್ದನ್ನು ನೀವು ಬಳಸಬಹುದು. ವಿದ್ಯಾರ್ಥಿಗಳು ಸಂಜೆ ಎಲ್ಲಿ, ಏನು ತಿನ್ನುತ್ತಾರೆ ಎಂದು ನಾವು ಕೇಳಿ ತಿಳಿದದ್ದನ್ನು ಎರಡು ಪುಟದಲ್ಲಿ ಬರೆದು ಕೊಡುತ್ತೇವೆ. ಶನಿವಾರ ಬೆಳಿಗ್ಗೆ ಅಂಗಡಿಗೆ ಬರುತ್ತೇವೆ.”

ಕೊನೆಯ ಎರಡು ಮಾತು, ಅಂದರೆ ಸ್ಪರ್ಧೆಯ ವಿಷಯ ಮತ್ತು ಆ ಎರಡು ಪುಟ, ಮಾರ್ಕೆಟಿಂಗ್ ಕ್ಲಬ್ಬು ಮಾತ್ರ ಕೊಡಬಲ್ಲದ್ದು. ಬ್ಯಾನರಿನಲ್ಲಿ ಹೆಸರನ್ನು ಕಬಡ್ಡಿ ಟೂರ್ನಮೆಂಟಿನವರೂ ಹಾಕುತ್ತಾರೆ. ವಿಚಿತ್ರವೆಂದರೆ ಇಲ್ಲಿನ ನೀಟಾದ ಪತ್ರಗಳಲ್ಲೂ ಇದು ಇರುವುದಿಲ್ಲ. 250ಕ್ಕೆ ಸಣ್ಣ ಲೋಗೋ, 1000ಕ್ಕೆ ದೊಡ್ಡ ಲೋಗೋ, ಅಷ್ಟೇ.

ಇಲ್ಲಿನವರು ಭರವಸೆ ಕೊಡುವಾಗ ಅಳೆದು ಕೊಡುತ್ತಾರೆ, ಅದನ್ನು ಮೆಚ್ಚುತ್ತೇನೆ. ಒಮ್ಮೆ ನನ್ನ ಹೆಸರಿನ ಕೆಳಗೆ ‘ಊರಿಗೇ ಅಗ್ಗದ ದೋಸೆ’ ಎಂದು ಹಾಕಿ ಅಂದೆ. ಕ್ಲಬ್ಬಿನ ಮೇಷ್ಟ್ರು ಆಗುವುದಿಲ್ಲ ಅಂದರು. ಅಮೆರಿಕದ ತೆರಿಗೆ ನಿಯಮದ ಪ್ರಕಾರ ಪ್ರಾಯೋಜಕನ ಹೆಸರು, ಲೋಗೋ, ವಿಳಾಸ, ಏನು ಮಾರುತ್ತಾನೆ ಎಂಬುದು ಬರೀ ಕೃತಜ್ಞತೆ. ಬೆಲೆ, ಹೊಗಳಿಕೆ, ಹೋಲಿಕೆ, ‘ಬಂದು ಕೊಳ್ಳಿ’ ಎಂಬ ಕರೆ ಬಂದರೆ ಅದು ಜಾಹೀರಾತು, ಆ ದುಡ್ಡಿಗೆ ಕಾಲೇಜು ತೆರಿಗೆ ಕಟ್ಟಬೇಕಾಗಬಹುದು. ದಾವಣಗೆರೆಯಲ್ಲಾದರೆ ಮೈಕು ಹಿಡಿದವನು ಭಾವನ ಬೇಕರಿಯನ್ನು ಏಷ್ಯಾ ಖಂಡಕ್ಕೇ ದೊಡ್ಡದು ಮಾಡಿಬಿಡುತ್ತಾನೆ! ಕೇಳಲು ಖುಷಿ, ಆದರೆ ಗಲ್ಲಾಕ್ಕೆ ಬೀಳುವುದು ಕೂಪನ್ನು ಮಾತ್ರ.

ಆ ಕೂಪನ್ನಿನ ಕಥೆಯನ್ನೂ ಹೇಳಿಬಿಡುತ್ತೇನೆ. ಮೂರು ವಾರದಲ್ಲಿ ವಾಪಸು ಬಂದದ್ದು 41. ಒಂದೊಂದರಲ್ಲಿ ರಿಯಾಯಿತಿ ಕಳೆದು ಉಳಿದದ್ದು ಹತ್ತು ರೂಪಾಯಿ. ಒಟ್ಟು 410. ನಾಲ್ಕು ಸಾವಿರ ಹಾಕಿ ನಾನೂರು ತೆಗೆದ ಹಾಗಾಯಿತು. ‘ಮೊದಲ ದಿನವೇ ಲಾಭ’ ಎಂದು ಪತ್ರದಲ್ಲಿ ಬರೆದಿದ್ದರೆ ಆ ಹುಡುಗರು ಮತ್ತೆ ಆ ಬೀದಿಗೆ ಕಾಲಿಡುವಂತಿರಲಿಲ್ಲ. ಆದರೆ ಎರಡು ಪುಟದ ವರದಿಯಲ್ಲಿ ಒಂದು ಸಾಲು ಇತ್ತು: ಹಾಸ್ಟೆಲಿನವರು ತಿಂಡಿಗೆ ಹೊರಗೆ ಬರುವುದು ರಾತ್ರಿ ಒಂಬತ್ತರ ಮೇಲೆ. ಭಾವ ಎಂಟೂವರೆಗೇ ಶಟರ್ ಎಳೆಯುತ್ತಿದ್ದ, ಇಪ್ಪತ್ತು ವರ್ಷದಿಂದ. ಈಗ ಹತ್ತರವರೆಗೆ ತೆರೆದಿರುತ್ತಾನೆ. ಎಷ್ಟು ಹೆಚ್ಚಾಯಿತು ಅಂತ ಕೇಳಿದರೆ ಹೇಳುವುದಿಲ್ಲ, “ಪರವಾಗಿಲ್ಲ” ಅನ್ನುತ್ತಾನೆ. ಅಕ್ಕ ಮಾತ್ರ ಊಟ ತಡವಾಗುತ್ತದೆ ಎಂದು ನನಗೇ ಬೈಯುತ್ತಾಳೆ.

ಈ ವರ್ಷ ಜನವರಿಯಲ್ಲಿ ಮತ್ತೆ ಪತ್ರ ಬಂತು. ಹಳೆಯವರು ಪಾಸಾಗಿ ಹೋಗಿದ್ದರು, ಹೊಸ ಪದಾಧಿಕಾರಿಗಳಿಗೆ ಯಾರೂ ಏನನ್ನೂ ದಾಟಿಸಿರಲಿಲ್ಲ. ಇಲ್ಲಿನ ಕ್ಲಬ್ಬು ಯಾವ ಅಂಗಡಿ ಎಷ್ಟು ಕೊಟ್ಟಿತು ಎಂದು ಒಂದು ಫೈಲು ಇಟ್ಟಿರುತ್ತದೆ, ಅಲ್ಲಿ ಅದಿರಲಿಲ್ಲ. ಹಾಗಾಗಿ ಮತ್ತೆ ‘ತಮ್ಮಲ್ಲಿ ವಿನಂತಿಸುವುದೇನೆಂದರೆ’, ಮತ್ತೆ ‘ಉತ್ತಮ ಪ್ರಚಾರ’. ಭಾವ ಗಲ್ಲಾದ ಕೆಳಗಿನ ಖಾನೆಯಿಂದ ಹೋದ ವರ್ಷದ ಆ ಕೂಪನ್ನಿನ ಪತ್ರ ತೆಗೆದು ಆ ಹುಡುಗಿಯ ಕೈಗಿಟ್ಟು, “ಇದನ್ನ ಜೆರಾಕ್ಸ್ ಮಾಡಿಸ್ಕೊಂಡು ಬಾರಮ್ಮಾ, ತಾರೀಖು ಬದಲಾಯಿಸು” ಅಂದನಂತೆ.