ಬುಧವಾರ ಮೂರು ಗಂಟೆಗೆ ಏನಾಯಿತು?

ಮೈಸೂರಿನಲ್ಲಿ ಎಲ್‌ಎಲ್‌ಬಿ ಓದುವಾಗ, ಕಲ್ಪಿತ ಘಟನೆಯೊಂದನ್ನು ಕೊಟ್ಟು ಕಾನೂನು ಏನೆನ್ನುತ್ತದೆ ಎಂದು ಕೇಳುವ ಪ್ರಾಬ್ಲಂ ಪ್ರಶ್ನೆ ಅಂದರೆ ನನಗೆ ಸೆಕ್ಷನ್ ನಂಬರ್ ಹುಡುಕುವ ಆಟ. ನಂಬರ್ ಸಿಕ್ಕಿತೋ, ಬಾಯಿಪಾಠ ಮಾಡಿದ್ದನ್ನೆಲ್ಲ ಸುರಿದುಬಿಡುತ್ತಿದ್ದೆ. ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಮತ್ತೆ ಕಾನೂನು ಓದಲು ಕೂತಾಗ ಆ ಅಭ್ಯಾಸ ಕೈಕೊಟ್ಟಿತು.

ಇಲ್ಲಿ ಹಳೇ ಪ್ರಶ್ನೆಪತ್ರಿಕೆಗಳನ್ನು ಐರಾಕ್ ಎಂಬ ನಾಲ್ಕು ಹೆಜ್ಜೆಯ ಕ್ರಮದಲ್ಲಿ ಬಿಡಿಸುತ್ತಾರೆ: ವಿವಾದ ಯಾವುದು, ನಿಯಮ ಏನು, ಈ ಸಂಗತಿಗಳಿಗೆ ಅದರ ಅನ್ವಯ ಹೇಗೆ, ಕೊನೆಗೆ ತೀರ್ಮಾನ. ನನಗೆ ಸಿಕ್ಕಿದ್ದು ಇಂಥದ್ದೊಂದು. ಆನ್ನಾ ತನ್ನ ಪಿಟೀಲನ್ನು 800 ಪೌಂಡಿಗೆ ಕೊಡುತ್ತೇನೆಂದು ಬೆನ್‌ಗೆ ಪತ್ರ ಬರೆದಳು. ಬುಧವಾರ ಬೆಳಿಗ್ಗೆ ಮನಸ್ಸು ಬದಲಿಸಿ, ಬೇಡ ಎಂದು ಇನ್ನೊಂದು ಪತ್ರ ಹಾಕಿದಳು. ಅದೇ ದಿನ ಮಧ್ಯಾಹ್ನ ಮೂರಕ್ಕೆ ಬೆನ್ ಒಪ್ಪಿಗೆಯ ಪತ್ರ ಹಾಕಿದ. ಆನ್ನಾಳ ಪತ್ರ ಅವನಿಗೆ ತಲುಪಿದ್ದು ಗುರುವಾರ.

ವಿವಾದವನ್ನು ನಾನು ‘ಕರಾರು ಆಯಿತೇ’ ಎಂದು ಬರೆದಿದ್ದೆ. ತೀರಾ ದೊಡ್ಡದಾಯಿತು. ಒಪ್ಪಿಗೆ ಮೊದಲೋ, ಹಿಂತೆಗೆತ ಮೊದಲೋ ಎಂದು ಕೇಳಬೇಕಿತ್ತು. ನಿಯಮ ಎರಡೇ ಸಾಲು. ಹಿಂತೆಗೆತ ತಲುಪಿದಾಗ ಜಾರಿಯಾಗುತ್ತದೆ, ಇದು 1880ರ ಬರ್ನ್ ಮೊಕದ್ದಮೆ. ಅಂಚೆಯಲ್ಲಿ ಕಳಿಸಿದ ಒಪ್ಪಿಗೆ ಡಬ್ಬಿಗೆ ಹಾಕಿದಾಗಲೇ ಜಾರಿ, ಇದು 1818ರ ಆಡಮ್ಸ್ ಮೊಕದ್ದಮೆ. ಅನ್ವಯದಲ್ಲಿ ಬುಧವಾರ ಮೂರು ಗಂಟೆಯನ್ನು ಗುರುವಾರದ ಪಕ್ಕ ಇಡಬೇಕು. ಪ್ರಸ್ತಾವವೇ ಅಂಚೆಯಲ್ಲಿ ಬಂದಿದ್ದರಿಂದ ಉತ್ತರವೂ ಅಂಚೆಯಲ್ಲಿ ಹೋಗುವುದು ಸಹಜ ಎಂದೂ ಹೇಳಬೇಕು. ತೀರ್ಮಾನ: ಕರಾರು ಆಗಿದೆ.

ನಾನು ಎರಡು ಪುಟ ಬರೆದಿದ್ದೆ. ಟ್ಯೂಟರ್ ಒಂದು ಪರೀಕ್ಷೆ ಹೇಳಿಕೊಟ್ಟರು. ಅನ್ವಯದ ಪ್ಯಾರಾದಲ್ಲಿ ಹೆಸರು, ದಿನ, ಗಂಟೆ ಹುಡುಕಿ. ಒಂದೂ ಇಲ್ಲ ಅಂದರೆ ಅದು ಅನ್ವಯವಲ್ಲ, ನಿಯಮವನ್ನೇ ಮತ್ತೊಮ್ಮೆ ಬರೆದಿದ್ದೀರಿ. ನನ್ನದರಲ್ಲಿ ಬೆನ್ ಒಂದೇ ಸಲ ಬಂದಿದ್ದ, ಅದೂ ಮೊದಲ ಸಾಲಿನಲ್ಲಿ!

ಹಾಗಂತ ನಮ್ಮೂರಿನ ಬಾಯಿಪಾಠ ದಂಡವಲ್ಲ. ಇಲ್ಲಿನ ಗೆಳೆಯರು ನಿಯಮವನ್ನೇ ಸುತ್ತಿ ಬಳಸಿ ಬರೆಯುತ್ತಾರೆ. ಬೇರ್ ಆಕ್ಟ್, ಅಂದರೆ ಕಾಯ್ದೆಯ ಮೂಲ ಪಠ್ಯವನ್ನೇ, ಉರುಹೊಡೆದ ನನಗೆ ಅದು ಒಂದೇ ಸಾಲಿನಲ್ಲಿ ಬರುತ್ತದೆ. ನನ್ನ ಕೊರತೆ ಇದ್ದದ್ದು ಮೂರನೇ ಹೆಜ್ಜೆಯಲ್ಲಿ.

ಈಗ ಪ್ರತಿ ಹಳೇ ಪ್ರಶ್ನೆ ಬಿಡಿಸಿದ ಮೇಲೆ ಒಂದು ಸಂಗತಿ ಬದಲಿಸಿ ಮತ್ತೆ ಬಿಡಿಸುತ್ತೇನೆ. ‘ಲಿಖಿತ ಉತ್ತರ ನನ್ನ ಕೈ ಸೇರಬೇಕು’ ಎಂದು ಆನ್ನಾ ಬರೆದಿದ್ದರೆ? ಆಗ ಅಂಚೆ ನಿಯಮ ನಿಲ್ಲುವುದಿಲ್ಲ, ಉತ್ತರ ತಲೆಕೆಳಗು. ಬೆನ್ನೇ ತನ್ನ ಪತ್ರ ತಲುಪುವ ಮೊದಲು ಫೋನ್ ಮಾಡಿ ಬೇಡ ಎಂದಿದ್ದರೆ? ಭಾರತದಲ್ಲಾದರೆ 1872ರ ಕರಾರು ಕಾಯ್ದೆಯ 5ನೇ ಸೆಕ್ಷನ್ ಸಾಕು, ಅವನು ಹಿಂದೆ ಸರಿಯಬಹುದು. ಇಂಗ್ಲೆಂಡಿನಲ್ಲಿ ಇದನ್ನು ಇತ್ಯರ್ಥ ಮಾಡಿದ ಸ್ಪಷ್ಟ ತೀರ್ಪಿಲ್ಲ. ಹಾಗಾಗಿ ಎರಡೂ ಕಡೆಯ ವಾದ ಬರೆಯಬೇಕು. ಇಂಥ ಕಡೆ ನನ್ನ ಪೆನ್ನು ಈಗಲೂ ಸೆಕ್ಷನ್ ನಂಬರ್ ಹುಡುಕುತ್ತದೆ.